ಮಾತಾಡಿಸಿ ಬಂದವನು, ಕೇಳಿ ಬಂದವಳು

ಹಂಗಳದ ಸಿದ್ದಯ್ಯನಿಗೆ ಹೆಂಡತಿಯ ಮಾತು ಬಂದರೆ ಎದೆ ಒಂದು ಗೇಣು ಉಬ್ಬುತ್ತಿತ್ತು. ಉಬ್ಬಲಿ ಬಿಡಿ, ಪುಟ್ಟಸಿದ್ದಮ್ಮ ಅಂಥವಳೇ. ಆದರೆ ಆ ಎದೆ ಮೊದಲು ಉಬ್ಬಿದ್ದು ಮಗಳ ವಿಷಯದಲ್ಲಿ, ಅದೂ ತಪ್ಪು ಕಾರಣಕ್ಕೆ.

ಐವತ್ತನಾಲ್ಕನೇ ಇಸವಿಯ ಮಾತು. ಮಗಳು ಸೋಮಮ್ಮನನ್ನು ತೆರಕಣಾಂಬಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಸಿದ್ದಯ್ಯ ಒಬ್ಬನೇ ಹೋಗಿ ಅವಳನ್ನು ನೋಡಿಕೊಂಡು ಬಂದ. ಬಂದವನೇ ಜಗಲಿಯ ಮೇಲೆ ಕಾಲು ಚಾಚಿದ.

“ಮಗಳು ಚೆಂದಾಗವ್ಳೆ ಕಣಮ್ಮಿ. ನಾನೇ ಕೇಳ್ದೆ, ಚೆಂದಾಗಿದ್ದಿಯವ್ವ ಅಂತ. ಚೆಂದಾಗಿವ್ನಿ ಕಣಪ್ಪ ಅಂದ್ಲು. ಎಂಥಾ ಗರತಿ ಅಂತೀಯ! ಉರಿಬಿಸ್ಲಲ್ಲೂ ಸೆರಗ ಮೈತುಂಬ ಹೊದ್ಕೊಂಡೇ ನಿಂತಿದ್ಲು.”

ರಾಗಿ ಕೇರುತ್ತಿದ್ದ ಪುಟ್ಟಸಿದ್ದಮ್ಮನ ಮೊರ ನಿಂತಿತು.

“ಎಲ್ಲಿ ನಿಂತ್ಕಂಡು ಕೇಳ್ದೆ?”

“ಅಂಗಳದಲ್ಲಿ. ಬೀಗ್ತಿ ಕಾಲಿಗೆ ನೀರು ಕೊಟ್ರು. ಅವರ್ನೂ ಕೇಳ್ದೆ, ಅಳಿಯನ್ನೂ ಕೇಳ್ದೆ. ಎಲ್ಲಾರೂ ಚೆಂದಾಗಿವಿ ಅಂದ್ರು.”

“ಅದು ಕೇಳಿದ್ದಲ್ಲ. ಮಾತಾಡ್ಸಿದ್ದು.”

ಸಿದ್ದಯ್ಯನಿಗೆ ರೇಗಿತು. ಅವಳು ಮೊರ ಕೆಳಗಿಟ್ಟಳು. “ಹೋದ ತಿಂಗಳು ನಿನ್ನ ಹಲ್ಲು ನೋವಿಗೆ ಕೆನ್ನೆ ಊದ್ಕಂಡಿತ್ತು. ಚಿಕ್ಕಬಸವಯ್ಯ ಗಾಡಿ ಮೇಲಿಂದ ಚೆಂದಾಗಿದ್ದಿಯಾ ಅಂದ. ನೀನೇನಂದೆ?”

“ಚೆಂದಾಗಿವ್ನಿ ಅಂದೆ.”

“ಸುಳ್ಳಾ?”

“ಸುಳ್ಳೆಂಗಾದದು? ಅವನ ಗಾಡಿ ನಿಂತೇ ಇರ್ಲಿಲ್ಲ. ನನ್ನ ಹಲ್ಲಿನ ಕತೆ ಅವನಿಗ್ಯಾಕೆ?”

“ಮತ್ತೆ ಅವನು ಏನೂ ಅನ್ದೆ ಹೋಗಿದ್ರೆ?”

ಸಿದ್ದಯ್ಯ ಯೋಚಿಸಿದ. “ನಾನೇನು ಮಾಡ್ದೆ ಅವನಿಗೆ, ಯಾಕೆ ಮಾತು ಬುಟ್ಟ ಅಂತ ಕೊರೀತಿತ್ತು.”

“ಅಷ್ಟೇ ಕಣ ಅದು. ನಿನ್ನ ಕಂಡೆ, ನಮ್ಮ ನಿಮ್ಮ ಮಾತು ನೆಟ್ಟಗದೆ ಅಂತ ಅವ ಅಂದ. ನಂದೂ ನೆಟ್ಟಗದೆ ಅಂತ ನೀನಂದೆ. ಹಲ್ಲಿನ ಸುದ್ದಿ ಅದ್ರಲ್ಲಿಲ್ಲ. ಈಗ ನೀನು ಅತ್ತೆ, ಗಂಡ ಎಲ್ಲಾರ ಮುಂದೆ ಕೇಳಿದ್ದೀಯ. ಅವಳು ಇಲ್ಲ ಕಣಪ್ಪ ಅಂದಿದ್ರೆ ಆ ಮನೆ ಮರ್ಯಾದೆ ಏನಾಗದು? ಅವಳು ಬೇರೆ ಇನ್ನೇನನ್ನಾಳು? ಅದ್ಸರಿ, ಉರಿಬಿಸ್ಲಲ್ಲಿ ಯಾರು ಹೊದ್ಕೋತಾರೆ?”

ಸಿದ್ದಯ್ಯನ ಕಾಲು ತಾನಾಗಿಯೇ ಮಡಚಿಕೊಂಡಿತು.

ಮಾರನೆಯ ದಿನ ಇಬ್ಬರೂ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ತೆರಕಣಾಂಬಿಯ ಬಸ್ಸು ಹಿಡಿದರು. ಹೋದ ಕೂಡಲೇ ಹೆಂಡತಿ ಮಗಳನ್ನು ತಬ್ಬಿಕೊಂಡು ಗೋಳಾಡುತ್ತಾಳೆ ಎಂದುಕೊಂಡಿದ್ದ ಸಿದ್ದಯ್ಯ. ಪುಟ್ಟಸಿದ್ದಮ್ಮ ಹಾಗೆ ಮಾಡುವ ಪೈಕಿಯಲ್ಲ. ಬೀಗಿತ್ತಿ ದೊಡ್ಡಮಲ್ಲಮ್ಮನನ್ನು ಚೆಂದಾಗಿದ್ದೀರಾ ಎಂದಳು, ಅಳಿಯನನ್ನು ಮಾತಾಡಿಸಿದಳು, ಪಕ್ಕದ ಮನೆಯ ಮುದುಕಿಯನ್ನೂ ಬಿಡಲಿಲ್ಲ. ಒಬ್ಬರನ್ನು ಬಿಟ್ಟಿದ್ದರೂ ಹಂಗಳದವರು ಮುನಿಸಿಕೊಂಡು ಬಂದಿದ್ದಾರೆ ಎಂದು ಸುದ್ದಿಯಾಗುತ್ತಿತ್ತು. ಮಗಳ ಸರದಿ ಬಂದಾಗ ಅದೇ ಮಾತು, ಅದೇ ಉತ್ತರ. “ಚೆಂದಾಗಿವ್ನಿ ಕಣವ್ವ.”

ಉಂಡಾದ ಮೇಲೆ ಮಗಳನ್ನು ಹಿತ್ತಲಿಗೆ ಕರೆದೊಯ್ದು, ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದಳು. ಮುಖಕ್ಕೆ ಮುಖ ಕಾಣದ ಹಾಗೆ ಕೂರಿಸಿಕೊಂಡಿದ್ದಳು. ಕೊಟ್ಟಿಗೆಯ ಮರೆಯಲ್ಲಿ ಸಿದ್ದಯ್ಯ ಕಿವಿಗೊಟ್ಟು ನಿಂತ. ಚೆಂದಾಗಿದ್ದೀಯಾ ಎಂದು ಅವಳು ಮತ್ತೆ ಕೇಳಲೇ ಇಲ್ಲ.

“ಚಳಿಜ್ವರ ದಿನ ಬುಟ್ಟು ದಿನ ಬತ್ತದಾ?”

ಪುಟ್ಟಸಿದ್ದಮ್ಮ ಅವಸರ ಮಾಡಲಿಲ್ಲ. ಎಣ್ಣೆ ತಿಕ್ಕುತ್ತಲೇ ಇದ್ದಳು. ಕೊನೆಗೆ ಸೋಮಮ್ಮ ಬಾಯಿಬಿಟ್ಟಳು.

“ಊಂ ಕಣವ್ವ. ತವರಿಂದ ಕಾಡು ಜ್ವರ ತಂದವ್ಳೆ ಅಂದಾರು, ನಿಮ್ಮ ಹೆಸರು ಕೆಟ್ಟದು ಅಂತ ಯಾರ್ಗೂ ಹೇಳ್ನಿಲ್ಲ.”

ಸಿದ್ದಯ್ಯನ ಕಣ್ಣು ತುಂಬಿತು. ತನ್ನ ಮರ್ಯಾದೆಗಾಗಿ ಆ ಮಗು ನಡುಗುತ್ತ ನಿಂತಿತ್ತು. ತಾನು ಅದನ್ನೇ ಗರತಿತನ ಎಂದು ಮೆಚ್ಚಿಕೊಂಡು ಹೋಗಿದ್ದ!

ಪುಟ್ಟಸಿದ್ದಮ್ಮ ಯಾರನ್ನೂ ದೂರಲಿಲ್ಲ. ನೇರ ಬೀಗಿತ್ತಿಯ ಬಳಿ ಹೋಗಿ, “ನಮ್ಮ ಕಾಡಂಚಿನ ಚಳಿಜ್ವರ ಇವಳ ಮೈಲಿ ಇನ್ನೂ ಅದೆ ಕಣಕ್ಕ. ಆಸ್ಪತ್ರೆಗೆ ತೋರಿಸ್ಕಂಡು ಬತ್ತೀನಿ” ಎಂದಳು.

ದೊಡ್ಡಮಲ್ಲಮ್ಮ ಹಣೆ ಹಣೆ ಚಚ್ಚಿಕೊಂಡಳು. “ಒಂದೇ ಒಲೆ ಮುಂದೆ ಇರೋರ್ನ ಚೆಂದಾಗಿದ್ದಿಯಾ ಅಂತ ಯಾರು ಕೇಳಾರು ಕಣಕ್ಕ? ನಾನಾದ್ರೂ ಮೈ ಮುಟ್ಟಿ ನೋಡ್ಬೇಕಾಗಿತ್ತು. ನಡಿ, ನಾನೂ ಬತ್ತೀನಿ.” ಆಸ್ಪತ್ರೆಯ ದಾರಿಯುದ್ದಕ್ಕೂ ಬಸ್ಸಿನಲ್ಲಿ ಸೊಸೆಯನ್ನು ತನ್ನ ಕಂಬಳಿಯಲ್ಲೇ ಸುತ್ತಿಕೊಂಡು ಕೂತಿದ್ದಳು. ಮಾತ್ರೆ ಕೆಲಸ ಮಾಡಿತು, ಹುಡುಗಿ ಚೇತರಿಸಿಕೊಂಡಳು.

ಮುಂದೆ ಒಮ್ಮೆ ಗುಂಡ್ಲುಪೇಟೆಯ ಸಂತೆಯಲ್ಲಿ ಸೋಮಮ್ಮ ಎದುರಾದಳು. ಕೆನ್ನೆ ತುಂಬಿತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಸಿದ್ದಯ್ಯನ ಬಾಯಿ ಅಭ್ಯಾಸದಂತೆ “ಚೆಂದಾಗಿದ್ದಿಯವ್ವ?” ಎಂದುಬಿಟ್ಟಿತು.

ಅವ್ವನಿಂದ ಕತೆಯೆಲ್ಲ ಕೇಳಿದ್ದ ಮಗಳು ನಕ್ಕಳು. “ಮಾತಾಡಿಸ್ತಿದ್ದೀಯೋ, ಕೇಳ್ತಿದ್ದೀಯೋ ಅಪ್ಪ?”

ಸಿದ್ದಯ್ಯ ತಲೆಯ ಮೇಲಿನ ಮೂಟೆಯನ್ನು ನೆಲಕ್ಕೆ ಇಳಿಸಿದ. ಅದರ ಪಕ್ಕದಲ್ಲೇ ಕೂತು, ಮಗಳಿಗೂ ಜಾಗ ಮಾಡಿದ.