ಮನೆಯೊಕ್ಕಲಿಗೆ ಬರೆದ ಅರ್ಜಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಈ ಗಾದೆ ಕಟ್ಟಿದವರು ಖಂಡಿತ ಮೇಷ್ಟರಾಗಿರಲಿಲ್ಲ. ಆಗಿದ್ದರೆ, ಆ ಮನೆಯ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ರಜಾ ಅರ್ಜಿ ಬರೆದು ನೋಡು ಎಂದೂ ಸೇರಿಸುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ನಾನು ಬಜಗೋಳಿಯಿಂದ ಇನ್ನೂ ಒಳಗಿನ ಒಂದು ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿಯ ಟೀಚರ್. ಶಾಲೆಯ ಹತ್ತಿರವೇ ಬಾಡಿಗೆ ಮನೆ. ಗಂಡ ಮಲ್ಪೆಯಲ್ಲಿ ಬೋಟಿನ ಕೆಲಸ, ವಾರಕ್ಕೊಮ್ಮೆ ಬಂದರೆ ಬಂದರು. ಕಾಪುವಿನ ಕಡಲ ಕರೆಯಲ್ಲಿದ್ದ ಅವರ ಹಳೆಯ ಮುಳಿಹುಲ್ಲಿನ ಮನೆಯನ್ನು ಕೆಡವಿ, ಅದೇ ಜಾಗದಲ್ಲಿ ಹಂಚಿನ ಮನೆ ಕಟ್ಟಿಸುತ್ತಿದ್ದೆವು. ಅದು ಏಳುವವರೆಗೆ ಅತ್ತೆ ನನ್ನ ಜೊತೆ ಇರಲಿ ಎಂದು ಕರೆದುಕೊಂಡು ಬಂದದ್ದು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಹೆಂಗಸು, ನನ್ನ ಆ ಎರಡು ಕೋಣೆಯ ಮನೆಯಲ್ಲಿ ಬಂದು ಕಾಯಿಲೆ ಬಿದ್ದು ಮಲಗಿದವರು ಮತ್ತೆ ಏಳಲೇ ಇಲ್ಲ.

ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರು ನನ್ನ ಗಂಡನನ್ನು ಹೊರಗೆ ಕರೆದು, ಮನೆಗೆ ಕೊಂಡುಹೋಗಿ, ಅವರಿಗೆ ಇಷ್ಟವಾದದ್ದನ್ನು ಕೊಡಿ ಎಂದರಂತೆ. ಡಾಕ್ಟರು ಹಾಗೆ ಹೇಳಿದರೆ ಏನು ಅರ್ಥ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅತ್ತೆಗೆ ಇಷ್ಟವಾದದ್ದು ಒಂದೇ, ಸ್ವಂತ ಮನೆಯಲ್ಲಿ ಕಡಲಿನ ಶಬ್ದ ಕೇಳುತ್ತಾ ಕಣ್ಣು ಮುಚ್ಚಬೇಕು. ಗಂಡನ ಅಕ್ಕ ಕಾಪುವಿನಲ್ಲೇ ಇದ್ದರು. ಆದರೆ ಮಗಳ ಗಂಡನ ಮನೆಯಲ್ಲಿ ನಾನು ಸಾಯುವುದಿಲ್ಲ ಎಂದು ಅತ್ತೆಯ ಹಟ. ಹಾಗಾಗಿ ಆ ಅಕ್ಕನೇ ನನ್ನಲ್ಲಿಗೆ ಬಂದು ತಾಯಿಯನ್ನು ನೋಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ನಮ್ಮ ಬಾಡಿಗೆ ಮನೆಯ ಯಜಮಾನರ ಹೆಂಡತಿ ಒಂದು ಸಂಜೆ ಬಂದು ಜಗಲಿಯಲ್ಲಿ ಕುಳಿತರು. ಕೆಟ್ಟವರಲ್ಲ, ನನಗೆ ಎಷ್ಟೋ ಸಲ ಹಲಸಿನ ಹಪ್ಪಳ ಕೊಟ್ಟವರು. ಅವರ ಮಗಳ ಮದುವೆ ನಿಶ್ಚಯವಾಗಿತ್ತು. ಮುದುಕಿಗೆ ಏನಾದರೂ ಆದರೆ ಹಿತ್ತಲಲ್ಲೇ ಮೈಲಿಗೆ, ಒಂದೇ ಬಾವಿ, ನೀವೇ ಯೋಚನೆ ಮಾಡಿ ಎಂದು ಬಹಳ ಮೆತ್ತಗೆ ಹೇಳಿ ಹೋದರು. ನನಗೆ ಸಿಟ್ಟು ಬರಲಿಲ್ಲ. ಭಯ ಬಂತು. ಈ ಮನೆಯಲ್ಲಿ ಅತ್ತೆ ಸಾಯುವ ಹಾಗಿಲ್ಲ, ಆ ಮನೆಗೆ ಒಕ್ಕಲಾಗದೆ ಹೋಗುವ ಹಾಗಿಲ್ಲ. ಅತ್ತ ದರಿ, ಇತ್ತ ಪುಲಿ.

ಭಟ್ಟರು ಪಂಚಾಂಗ ನೋಡಿ ಒಂದು ಗುರುವಾರ ಮುಹೂರ್ತ ಇಟ್ಟರು. ಅದು ಬಿಟ್ಟರೆ ಸುಗ್ಗಿ ತಿಂಗಳು ಹುಟ್ಟುತ್ತದೆ, ಮತ್ತೆ ಒಂದು ತಿಂಗಳು, ಪಗ್ಗು ಬರುವವರೆಗೆ, ದಿನ ಇಲ್ಲ. ಹಿಂದಿನ ರಾತ್ರಿ ವಾಸ್ತುಹೋಮ, ಬೆಳಿಗ್ಗೆ ಗಣಹೋಮ, ಎರಡಕ್ಕೂ ಗಂಡ ಹೆಂಡತಿ ಇಬ್ಬರೂ ಮಣೆಯಲ್ಲಿ ಕೂರಬೇಕು. ಹೆಂಡತಿ ಇಲ್ಲದೆ ಆಗುವುದಿಲ್ಲವೇ ಎಂದು ನಾನೇ ಕೇಳಿದೆ. ಭಟ್ಟರು, ಹಾಲು ಉಕ್ಕಿಸುವುದು ಯಾರು ಎಂದು ನನ್ನನ್ನೇ ಕೇಳಿದರು.

ಬುಧವಾರ, ಗುರುವಾರ, ಶುಕ್ರವಾರ ಮೂರು ದಿನಕ್ಕೆ ಅರ್ಜಿ ಬರೆದೆ. 'ಕಾಪುವಿನಲ್ಲಿ ಕಟ್ಟಿಸಿದ ನಮ್ಮ ನೂತನ ಗೃಹದ ಪ್ರವೇಶ ಸಮಾರಂಭ ಹಾಗೂ ಸದರಿ ಗೃಹಕ್ಕೆ ವಾಸ್ತವ್ಯ ಬದಲಾಯಿಸುವ ಸಲುವಾಗಿ ಸಾಂದರ್ಭಿಕ ರಜೆ ದಯಪಾಲಿಸಬೇಕಾಗಿ' ಎಂದು, ನಿಜವನ್ನೇ, ಚಂದದ ಅಕ್ಷರದಲ್ಲಿ. ಆ ಅರ್ಜಿಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಬಾಡಿಗೆ ಮನೆಗಳಲ್ಲೇ ಬೆಳೆದವಳು ನಾನು.

ನಮ್ಮ ಹೆಡ್‌ಮಾಸ್ಟ್ರು ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ. ಪೆನ್ಶನ್ ಎಲ್ಲಿ ತಡೆಹಿಡಿಯಲ್ಪಡುತ್ತದೋ ಎಂದು ನೆರಳಿಗೂ ಹೆದರುತ್ತಿದ್ದರು. ಅರ್ಜಿಯನ್ನು ಎರಡು ಸಲ ಓದಿ, ಬಾಗಿಲ ಕಡೆ ನೋಡಿ, ಮೇಜಿನ ಮೇಲೆ ಮಗುಚಿ ಇಟ್ಟರು.

"ನೋಡಿ ಟೀಚರ್, ಪಬ್ಲಿಕ್ ಪರೀಕ್ಷೆ ಮುಗಿಯುವವರೆಗೆ ಏಳನೆಯ ಕ್ಲಾಸಿನ ಟೀಚರುಗಳಿಗೆ ರಜೆ ಕೊಡಬಾರದು ಅಂತ ಆಫೀಸಿನ ಸುತ್ತೋಲೆ ಉಂಟು. ಅದು ಹೋಗಲಿ. ನೀವು ಕಾಪುವಿಗೆ ವಾಸ್ತವ್ಯ ಬದಲಾಯಿಸುವುದು ಅಂತ ಬರೆದಿದ್ದೀರಿ. ಕೇಂದ್ರಸ್ಥಾನ ಬಿಟ್ಟು ಇರಲಿಕ್ಕೆ ನಾನು ಒಪ್ಪಿಗೆ ಕೊಟ್ಟ ಹಾಗೆ ಆಗ್ತದಲ್ಲ?"

ಕೆಲಸದ ಊರಿನಲ್ಲೇ ವಾಸ ಇರಬೇಕೆಂಬುದು ನಿಯಮ. ಅರ್ಧಕ್ಕರ್ಧ ಮೇಷ್ಟ್ರುಗಳು ಬಸ್ಸಿನಲ್ಲೇ ಬರುತ್ತಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಅದನ್ನು ಬರೆದು ಕೊಟ್ಟಿರಲಿಲ್ಲ. ಹಾಗೆ ಬರೆದು ಕೊಟ್ಟ ಬುದ್ಧಿವಂತೆ ನಾನೊಬ್ಬಳೇ. ವಾಸ್ತವ್ಯದ ಮಾತು ತೆಗೆದು ಒಕ್ಕಲು ಮಾತ್ರ ಬರೆಯುತ್ತೇನೆ ಎಂದೆ. ಸಮಾರಂಭಕ್ಕೆ ರಜೆ ಕೊಟ್ಟರೆ ಸುತ್ತೋಲೆಗೆ ಏನು ಉತ್ತರ ಕೊಡಲಿ ಎಂದರು. ನಾನು ಬೇಡಿಕೊಂಡೆ. ಮುಹೂರ್ತ ಮುಂದೆ ಹಾಕಲಿಕ್ಕಾಗದು, ತುಂಬಾ ಕಷ್ಟದಲ್ಲಿದ್ದೇನೆ ಎಂದೆ. ಕಷ್ಟ ಏನೆಂದು ಮಾತ್ರ ಹೇಳಲಿಲ್ಲ. ಅತ್ತೆ ಕೊನೆಗಾಲದಲ್ಲಿದ್ದಾರೆಂಬುದು ಶಾಲೆಯಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಊರು ಸುತ್ತಿ ಯಜಮಾನರ ಮನೆಗೆ ಬರುತ್ತಿತ್ತು. ಅವರು ಇಂದೇ ಮನೆ ಬಿಡಿ ಎಂದರೆ ಅತ್ತೆಯನ್ನು ಎಲ್ಲಿ ಮಲಗಿಸಲಿ?

ಹೆಡ್‌ಮಾಸ್ಟ್ರು ದನಿ ತಗ್ಗಿಸಿ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ನೀವು ಕಾಯಿಲೆ ಅಂತ ಬರೆಯಿರಿ ಎಂದರು. ನಿಮಗೆ ಜ್ವರ ಅಂತಲೋ ಮನೆಯಲ್ಲಿ ಯಾರಿಗಾದರೂ ಅಸೌಖ್ಯ ಅಂತಲೋ ಏನಾದರೂ ಒಂದು. ಕಾಯಿಲೆಗೆ ಯಾರೂ ಬೇಡ ಅನ್ನುವ ಹಾಗಿಲ್ಲ. ಎಲ್ಲರೂ ಬರೆಯುವುದು ಹಾಗೇ ಅಲ್ವಾ?

ಹೌದು, ಎಲ್ಲರೂ ಬರೆಯುತ್ತಿದ್ದುದು ಹಾಗೇ. ನಮ್ಮ ಶಾಲೆಯ ರಜಾ ಅರ್ಜಿಗಳನ್ನು ನಂಬಿದರೆ ತಾಲೂಕಿನಲ್ಲೇ ನಾವು ಅತ್ಯಂತ ರೋಗಿಷ್ಠರು. ಆದರೆ ಶುಭಕಾರ್ಯಕ್ಕೆ ಹೊರಟು ಕಾಯಿಲೆ ಎಂದು ಕೈಯಾರೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಮನೆಗೆ ಬಂದು ಗಂಡನ ಹತ್ತಿರ ಹೇಳಿದರೆ ಅವರು ರೇಗಿದರು. ಬರೆದು ಬಿಸಾಡು, ಕಾಗದಕ್ಕೆ ಜ್ವರ ಬರ್ತದಾ ಎಂದರು. ಗೋಡೆಯ ಆಚೆ ಮಲಗಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಕರೆದರು. ಅವರು ಆಡಿದ್ದು ತುಳುವಿನಲ್ಲಿ.

"ಸುಳ್ಳು ಯಾಕೆ ಮಗಳೇ, ನನ್ನ ಕಾಯಿಲೆ ಉಂಟಲ್ಲ. ಅದನ್ನೇ ಬರೆ. ಅದು ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ."

ಹೇಳಿ ನಕ್ಕರು. ನಾನು ಅಡಿಗೆಕೋಣೆಗೆ ಹೋಗಿ ಕಣ್ಣೀರು ಹಾಕಿದೆ. ಮರುದಿನ 'ನನ್ನ ಅತ್ತೆಯವರು ತೀವ್ರ ಅನಾರೋಗ್ಯದಿಂದ ಇರುವುದರಿಂದ' ಎಂದು ಹೊಸ ಅರ್ಜಿ ಬರೆದು ಕೊಟ್ಟೆ. ಹೆಡ್‌ಮಾಸ್ಟ್ರು, ಈಗ ಸರಿಯಾಯಿತು, ಒಳ್ಳೆಯ ಕಾರಣ ಎಂದು ಮೆಚ್ಚಿ ಬುಧವಾರ, ಗುರುವಾರ ಎರಡೇ ದಿನಕ್ಕೆ ಸಹಿ ಹಾಕಿದರು. ಆ ಕಾರಣ ನಿಜವೆಂದು ಅವರಿಗೆ ಹೊಳೆಯಲೇ ಇಲ್ಲ. ಸುಳ್ಳು ಬರೆಯಿರೆಂದು ಹೇಳಿಕೊಟ್ಟವರು ಅವರೇ ತಾನೇ.

ಒಕ್ಕಲು ಆಯಿತು. ನಾನು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಮಣೆಯಲ್ಲಿ ಕುಳಿತೆ, ಹಾಲು ಉಕ್ಕಿಸಿದೆ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ ಬಂದರು. ಮಗ ಎತ್ತಿಕೊಂಡು ಹೊಸ್ತಿಲು ದಾಟಿಸಿದರು. ಒಂದು ಚಮಚ ಹಾಲು ಕುಡಿಸಿದೆ. ಅಂದೇ ಸಂಜೆ ಪಾತ್ರೆ, ಚಾಪೆ, ನನ್ನ ಪುಸ್ತಕಗಳನ್ನು ಟೆಂಪೋದಲ್ಲಿ ತಂದು ಹಾಕಿದ್ದಾಯಿತು. ನೆಂಟರು ಊಟ ಮಾಡಿ, ಮನೆ ಹೊಗಳಿ, ಮುದುಕಿಯ ಪುಣ್ಯ ಎಂದು ಹೇಳಿ ಹೋದರು. ಶುಕ್ರವಾರ ಬೆಳಿಗ್ಗೆ ನಾನು ಕಾಪುವಿನಿಂದ ಮೊದಲ ಬಸ್ಸು ಹಿಡಿದು, ಪಡುಬಿದ್ರಿಯಲ್ಲಿ ಇಳಿದು, ಕಾರ್ಕಳದಲ್ಲಿ ಇಳಿದು, ಬಜಗೋಳಿಯಿಂದ ನಡೆದು ಶಾಲೆ ಸೇರಿದೆ. ಆಮೇಲೆ ದಿನವೂ ಅದೇ.

ಮುಂದಿನ ವಾರದ ಒಂದು ಬೆಳಿಗ್ಗೆ ಅತ್ತೆಯ ಉಸಿರು ಬದಲಾಯಿತು. ಆ ದಿನ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಹೆಡ್‌ಮಾಸ್ಟ್ರ ತಲೆಗೆ ಬರುತ್ತದೆ, ಶಾಲೆಯ ಊರಿಗೆ ಫೋನಿಲ್ಲ. ಹೋಗಿ ಅರ್ಜಿ ಕೊಟ್ಟು ಮುಂದಿನ ಬಸ್ಸಿಗೇ ಬಂದುಬಿಡುತ್ತೇನೆ ಎಂದು ಅತ್ತೆಯ ಕಿವಿಯಲ್ಲಿ ಹೇಳಿ ಹೊರಟೆ. ಬಸ್ಸಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅರ್ಜಿ ಬರೆದೆ. ಬೇರೆ ಯಾವ ಕಾರಣ ಬರೆಯಲಿ? 'ಅತ್ತೆಯವರು ತೀವ್ರ ಅನಾರೋಗ್ಯದಿಂದ ಇರುವುದರಿಂದ.'

ನಾನು ಆಫೀಸು ಕೋಣೆಗೆ ಹೋಗುವಾಗ ಸಾಹೇಬರು ಆಗಲೇ ಹೆಡ್‌ಮಾಸ್ಟ್ರ ಕುರ್ಚಿಯಲ್ಲಿ ಕುಳಿತಿದ್ದರು. ಹೆಡ್‌ಮಾಸ್ಟ್ರು ಪಕ್ಕದಲ್ಲಿ ನಿಂತಿದ್ದರು. ಅರ್ಜಿ ಓದಿ ಹೆಡ್‌ಮಾಸ್ಟ್ರ ಮುಖ ಬಿಳುಚಿತು. ಇವಳು ಇವತ್ತೂ ಎಂತದೋ ಸಮಾರಂಭಕ್ಕೆ ಹೊರಟಿದ್ದಾಳೆ, ಅದೂ ಇವರ ಎದುರು ಎಂದು ಅವರು ಎಣಿಸಿದ್ದು ನನಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಸಾಹೇಬರು ಕೈ ಚಾಚಿ ಅರ್ಜಿ ತೆಗೆದುಕೊಂಡು, ಎದುರಿಗಿದ್ದ ರಜೆಯ ಪುಸ್ತಕ ತಿರುವಿದರು.

"ಹೋದ ವಾರವೂ ತೀವ್ರ, ಈ ವಾರವೂ ತೀವ್ರ. ಎಷ್ಟು ತೀವ್ರ ಟೀಚರ್? ಹೋದ ವಾರ ಯಾವ ಆಸ್ಪತ್ರೆಗೆ ಹೋಗಿದ್ರಿ?"

ಹೋದ ವಾರ ಆಸ್ಪತ್ರೆಗೆ ಹೋಗಿರಲಿಲ್ಲ ಸಾರ್, ಹಾಲು ಉಕ್ಕಿಸುತ್ತಿದ್ದೆ ಎನ್ನಬೇಕಿತ್ತು. ಅಂದರೆ ಸುಳ್ಳು ಅರ್ಜಿ ಕೊಟ್ಟದ್ದಾಗುತ್ತದೆ, ಹೇಳಿಕೊಟ್ಟವರ ಹೆಸರೂ ಬರುತ್ತದೆ. ಹೆಡ್‌ಮಾಸ್ಟ್ರನ್ನು ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಇವತ್ತಿನದು ನಿಜ ಸಾರ್ ಎಂದೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಎಂಥ ಮಾತು ಆಡಿದೆ ಎಂದು. ಸಾಹೇಬರು ಜೋರು ಮಾಡಲಿಲ್ಲ. ಮಧ್ಯಾಹ್ನ ನಿಮ್ಮ ಪಾಠ ನೋಡುತ್ತೇನೆ, ಅದು ಮುಗಿಸಿ ಹೋಗಿ ಎಂದಷ್ಟೇ ಹೇಳಿ ಅರ್ಜಿಯನ್ನು ಮಡಚಿ ಕೈಗೆ ಕೊಟ್ಟರು.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನನ್ನ ಗಂಡನ ಬೋಟು ಆ ವರ್ಷ ಮೀನಿಲ್ಲದೆ ದಡದಲ್ಲೇ ಹೆಚ್ಚು ನಿಂತಿತ್ತು. ಗೋಡೆಗಳ ಗಾರೆ ಇನ್ನೂ ಹಸಿ. ಮನೆ ನಡೆಯುತ್ತಿದ್ದುದು ಈ ಕೆಲಸದಿಂದ. ನಾನು ಏಳನೆಯ ತರಗತಿಗೆ ಹೋಗಿ ಬಡ್ಡಿ ಲೆಕ್ಕ ಕಲಿಸಿದೆ. ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರು. ಮಕ್ಕಳು ಚೆನ್ನಾಗಿ ಉತ್ತರ ಹೇಳಿದರು. ಒಳ್ಳೆಯ ಪಾಠ ಎಂದು ಸಾಹೇಬರು ಹೊಗಳಿದರು. ಆ ಹೊಗಳಿಕೆಯನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಕಾರ್ಕಳದಲ್ಲಿ ಬಸ್ಸು ತಪ್ಪಿತು. ಕಾಪುವಿನಲ್ಲಿ ಇಳಿದು ಕಾಲು ಹೂತುಹೋಗುವ ಹೊಯಿಗೆಯ ದಾರಿಯಲ್ಲಿ ಓಡಿದೆ. ಅಂಗಳದಲ್ಲಿ ಜನ ನಿಂತಿದ್ದರು. ಒಳಗೆ ಗಣಹೋಮದ ಮಸಿ ಇನ್ನೂ ಉಳಿದಿದ್ದ ಚಾವಡಿಯಲ್ಲಿ ಅತ್ತೆಯನ್ನು ಮಲಗಿಸಿದ್ದರು. ಮಧ್ಯಾಹ್ನವೇ ಹೋಗಿಬಿಟ್ಟಿದ್ದರಂತೆ. ಬಾಗಿಲು ತೆರೆದಿಟ್ಟಿದ್ದೆವು, ಕಡಲು ಕೇಳುತ್ತಿತ್ತು ಎಂದು ಗಂಡ ಹೇಳಿದರು. ಅವರ ಆಸೆ ಅಷ್ಟು ನಡೆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗ ಗಂಡನ ಅಕ್ಕ ನನ್ನ ಕೈ ಹಿಡಿದುಕೊಂಡು, ಅವ್ವ ಕೊನೆಗೆ ನೀರೂ ಕೇಳಲಿಲ್ಲ ಎಂದರು. ಬಾಗಿಲ ಕಡೆಗೇ ಮುಖ ಮಾಡಿ ಮತ್ತೆ ಮತ್ತೆ ಕೇಳಿದ್ದು ಒಂದೇ ಅಂತೆ.

"ಶಾಲೆ ಬಿಟ್ಟಿತಾ?"