ನೂರಕ್ಕೆ ಅರವತ್ತೆರಡು

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕಾಂಪೌಂಡರ್ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಒಂದೇ ಔಷಧದಂಗಡಿಯಲ್ಲಿ ನಿಂತು ಪುಡಿ ತೂಗಿ ಪೊಟ್ಟಣ ಕಟ್ಟಿದ, ಮುಲಾಮು ಅರೆದು ಡಬ್ಬಿಗೆ ತುಂಬಿದ ಮನುಷ್ಯ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ತೂಗುವ ಚಟ ಬಿಡಲಿಲ್ಲ. ಒಂದು ಸಣ್ಣ ಬ್ಯಾಟರಿ ತಕ್ಕಡಿ ಕೊಂಡು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಈರುಳ್ಳಿ ತೂಗಿದರು, ಸಾಬೂನು ತೂಗಿದರು, ಒಮ್ಮೆ ಮೊಮ್ಮಗಳ ಜಡೆಯನ್ನೂ ತೂಗಲು ಹೋಗಿ ಸೊಸೆಯಿಂದ ಬೈಸಿಕೊಂಡರು.

ಅವರ ಹೆಂಡತಿಗೆ ಇದೆಲ್ಲ ತಮಾಷೆ. ಆಕೆಯದು ಎಲ್ಲವೂ ಕಣ್ಣಳತೆ. ಸಂಜೆ ಐದಕ್ಕೆ ಡಬ್ಬಿಯಿಂದ ಹಿಟ್ಟು ಸುರಿದುಕೊಂಡು, ಉಪ್ಪು ಚಿಟಿಕೆ ಹಾಕಿ, ಚೊಂಬಿನ ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ಕಲಸಿದರೆ ಆರು ಜನಕ್ಕೆ ಹದಿನಾರು ಚಪಾತಿ. ಮಗನಿಗೆ ನಾಲ್ಕು, ಗಂಡನಿಗೆ ಮೂರು, ಸೊಸೆಗೆ ಮೂರು, ಮೊಮ್ಮಕ್ಕಳಿಗೆ ಎರಡೆರಡು, ತನಗೆ ಎರಡು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

"ಅಂದಾಜು ಅನ್ನೋದು ಸೋಮಾರಿಗಳ ಲೆಕ್ಕ," ಎಂದು ಕಾಂಪೌಂಡರ್ ಕೆಣಕುತ್ತಿದ್ದರು.

"ನಿಮ್ಮ ತಕ್ಕಡಿ ಬೇಯಿಸಿ ಹಾಕ್ಲಾ? ತಿಂತೀರಾ?" ಎಂದು ಆಕೆ ನಾದುತ್ತಲೇ ಕೇಳುತ್ತಿದ್ದಳು.

ಹೇಗಾದರೂ ಸೋಲಿಸಬೇಕೆಂದು ಕಾಂಪೌಂಡರ್ ಒಂದು ವಾರ ಕಳ್ಳನ ಹಾಗೆ ಕೆಲಸ ಮಾಡಿದರು. ಆಕೆ ಕಲಸುವ ಮೊದಲು ಹಿಟ್ಟಿನ ಡಬ್ಬಿಯನ್ನೂ ನೀರಿನ ಚೊಂಬನ್ನೂ ತೂಗುವುದು, ಕಲಸಿ ಎದ್ದ ಮೇಲೆ ಮತ್ತೆ ತೂಗುವುದು. ನೀರು ಮಿಲಿಯಾದರೇನು, ಗ್ರಾಮಾದರೇನು, ಎರಡೂ ಒಂದೇ. ಮೊದಲ ದಿನ ಹಿಟ್ಟು ನಾನೂರ ಎಂಬತ್ತೊಂದು ಗ್ರಾಂ. ಮಾರನೇ ದಿನ ನಾನೂರ ಎಪ್ಪತ್ತೆಂಟು. ಮೂರನೇ ದಿನ ನಾನೂರ ಎಂಬತ್ತು. ಅಂದರೆ ಚಪಾತಿಗೆ ಮೂವತ್ತು ಗ್ರಾಂ ಹಿಟ್ಟು. ನೀರು ಪ್ರತಿದಿನವೂ ಮುನ್ನೂರರ ಅಕ್ಕಪಕ್ಕ, ನೂರು ಗ್ರಾಂ ಹಿಟ್ಟಿಗೆ ಅರವತ್ತೆರಡು. ಗಿರಣಿಯಿಂದ ಹೊಸ ಹಿಟ್ಟು ಬಂದ ದಿನ ಮಾತ್ರ ಅರವತ್ತನಾಲ್ಕು, ಯಾಕೆಂದರೆ ಆ ಹಿಟ್ಟು ಹೆಚ್ಚು ನೀರು ಕುಡಿಯುತ್ತಿತ್ತು, ಅದು ಆಕೆಯ ಬೆರಳಿಗೆ ಗೊತ್ತಿತ್ತು. ಉಂಡೆಗಳನ್ನು ತೂಗಿದರೆ ಒಂದೊಂದೂ ನಲವತ್ತೊಂಬತ್ತು ಗ್ರಾಂ. ಕಾಂಪೌಂಡರ್ ಬೆಪ್ಪಾದರು. ಔಷಧದಂಗಡಿಯಲ್ಲಿ ಅವರ ಕೈಕೆಳಗೆ ಕಲಿತ ಯಾವನಿಗೂ ಇಂಥ ಕೈ ಇರಲಿಲ್ಲ. ಆದರೆ ಹೆಂಡತಿಯ ಮುಂದೆ ಸೋತೆ ಎನ್ನುವ ಗಂಡಸು ಎಲ್ಲಿದ್ದಾನೆ? ಬಾಯಿ ಬಿಡಲಿಲ್ಲ. ಆಗ ಹೇಳಬೇಕಿತ್ತು. ಆಕೆಗೆ ಅರ್ಥವಾಗುವಾಗಲೇ ಹೇಳಬೇಕಿತ್ತು.

ಎರಡು ವರ್ಷ ಕಳೆದ ಮೇಲೆ ಕಲಸಿದ ಹಿಟ್ಟಿನ ಹದ ಕೆಡತೊಡಗಿತು. ಒಂದು ಸಂಜೆ ಗಟ್ಟಿ, ಲಟ್ಟಿಸಿದರೆ ಅಂಚೆಲ್ಲ ಬಿರುಕು, ತಟ್ಟೆಗೆ ಬಿದ್ದರೆ ಹಪ್ಪಳದ ಸದ್ದು. ಇನ್ನೊಂದು ಸಂಜೆ ಬೆರಳಿಗೆ ಅಂಟಿ ಬಿಡದ ಹಾಗೆ ನೀರು. ಕಾಂಪೌಂಡರ್ ನೆಟ್ಟಗೆ ಗಿರಣಿಗೆ ಹೋಗಿ ಜಗಳ ತೆಗೆದರು.

"ಏನು ಗೋಧಿ ಬೀಸ್ತೀಯಪ್ಪ ನೀನು? ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲ!"

ಗಿರಣಿಯವನು ಕತ್ತಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಒಂದೇ ಚೀಲದ ಹಿಟ್ಟು ಸಾರ್, ದಿನಾ ಹೇಗೆ ಬದಲಾಗುತ್ತೆ? ಕಲಸೋರನ್ನ ಕೇಳಿ."

ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು. ಮನೆಗೆ ಬಂದರೆ ಹೆಂಡತಿ ತೆರೆದ ಡಬ್ಬಿಯ ಮುಂದೆ ಸುಮ್ಮನೆ ನಿಂತಿದ್ದಳು. "ರೀ, ನಾನು ಹಿಟ್ಟು ಹಾಕ್ಕೊಂಡ್ನಾ?" ಎಂದು ಕೇಳಿದಳು. ಪಾತ್ರೆ ಖಾಲಿಯಿತ್ತು.

ಡಾಕ್ಟರು ಏನು ಹೇಳಬೇಕೋ ಹೇಳಿದರು. ಮರೆವು ಇನ್ನು ಹೆಚ್ಚುತ್ತದೆ, ಕಮ್ಮಿಯಾಗುವುದಿಲ್ಲ. ಒಲೆಯ ಹತ್ತಿರ ಒಬ್ಬರೇ ಬಿಡಬೇಡಿ. ಮಗ ತಲೆ ತಗ್ಗಿಸಿ ಕೇಳಿದ. ಸೊಸೆ ಮನೆಗೆ ಬಂದು ಮೆಲ್ಲಗೆ, "ಅತ್ತೆ, ಇನ್ಮೇಲೆ ಚಪಾತಿ ನಾನೇ ಮಾಡ್ತೀನಿ, ನೀವು ಕೂತ್ಕೊಳ್ಳಿ," ಎಂದಳು. ಒಳ್ಳೆಯ ಹುಡುಗಿ, ಒಂದು ಕೆಟ್ಟ ಮಾತು ಆಡಿದವಳಲ್ಲ. ಆದರೂ ಆ ಹೊತ್ತು ಅತ್ತೆಯ ಮುಖ ನೋಡಲಾಗಲಿಲ್ಲ.

"ಕೂತ್ಕೊಂಡು ಏನು ಮಾಡ್ಲಿ? ಕಲಸೋ ಕೈಗೂ ಕೆಲಸ ಇಲ್ಲ ಅಂದ್ರೆ ನಾನ್ಯಾಕೆ ಈ ಮನೇಲಿರ್ಬೇಕು?" ಎಂದು ಆಕೆ ಮಗುವಿನ ಹಾಗೆ ಅತ್ತಳು.

ಕೊನೆಗೆ ಒಂದು ಒಪ್ಪಂದವಾಯಿತು. ಲಟ್ಟಿಸಿ ಬೇಯಿಸುವುದು ಸೊಸೆ, ಹಿಟ್ಟು ಕಲಸುವುದು ಅತ್ತೆ. ಶಾಲೆಯ ಆಫೀಸಿನಲ್ಲಿ ದುಡಿದು ಸುಸ್ತಾಗಿ ಬರುವ ಸೊಸೆ ಮಾವನನ್ನು ಪಕ್ಕಕ್ಕೆ ಕರೆದು, "ಹಿಟ್ಟು ಹಾಳಾದ್ರೆ ಮಾತ್ರ ನಾನು ಶುರು ಮಾಡ್ತೀನಿ ಮಾವ. ಹಸಿದ ಮಕ್ಕಳನ್ನ ಕಾಯಿಸೋಕಾಗಲ್ಲ," ಎಂದಳು. ನ್ಯಾಯದ ಮಾತೇ. ಹೆಂಡತಿಗೆ ಆ ಮನೆಯಲ್ಲಿ ಉಳಿದಿದ್ದು ಒಂದು ಪಾತ್ರೆ ಹಿಟ್ಟು. ಅದನ್ನು ಉಳಿಸಿಕೊಡುವುದು ಕಾಂಪೌಂಡರ ಪಾಲಿಗೆ ಬಂತು.

ಅಂದಿನಿಂದ ಸಂಜೆ ನಾಲ್ಕೂವರೆಗೆ ಅವರು ತೂಗತೊಡಗಿದರು. ತಕ್ಕಡಿಯ ಮೇಲೆ ಪಾತ್ರೆಯಿಟ್ಟು ಸೊನ್ನೆ ಮಾಡಿ ಹಿಟ್ಟು ನಾನೂರ ಎಂಬತ್ತು. ಚೊಂಬಿಟ್ಟು ಮತ್ತೆ ಸೊನ್ನೆ ಮಾಡಿ ಬೆಚ್ಚಗಿನ ನೀರು ಇನ್ನೂರ ತೊಂಬತ್ತೆಂಟು. ಆಕೆ ಬಂದು ಕೂತು, ಮುಕ್ಕಾಲು ನೀರು ಮೊದಲು ಬಿಟ್ಟು, ಉಳಿದದ್ದನ್ನು ಅಂಗೈಯಲ್ಲಿ ಚಿಮುಕಿಸುತ್ತ ಕಲಸುತ್ತಿದ್ದಳು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಕೈಬುಡದಿಂದ ಒತ್ತಿ, ಮಡಚಿ, ತಿರುಗಿಸಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗೆ. ಏಳು ತಿಂಗಳು ಒಬ್ಬರೂ ಕುಂದು ಹೇಳಲಿಲ್ಲ. ಕಾಂಪೌಂಡರಿಗೆ ಗೆದ್ದೆ ಅನಿಸಿತು, ಪಾಪ.

ಒಂದು ಸಂಜೆ ಬಾಗಿಲಿಗೆ ಪಕ್ಕದ ಮನೆಯವರು ಬಂದರು. ಅವರನ್ನು ಮಾತಾಡಿಸಿ ಒಳಗೆ ಬರುವಷ್ಟರಲ್ಲಿ ಹೆಂಡತಿ ಚೊಂಬನ್ನು ನಲ್ಲಿಯ ಕೆಳಗೆ ಮತ್ತೆ ತುಂಬಿ ಎರಡನೇ ಸಲ ಸುರಿದಾಗಿತ್ತು. ಪಾತ್ರೆಯಲ್ಲಿ ಗಂಜಿ. ಆಕೆ ಎರಡೂ ಕೈ ಅದರೊಳಗೆ ಮುಳುಗಿಸಿಕೊಂಡು ಗಂಡನನ್ನು ನೋಡಿದಳು. ತಪ್ಪಾಗಿದೆಯೆಂದು ಗೊತ್ತು, ಏನು ತಪ್ಪೆಂದು ಗೊತ್ತಿಲ್ಲ.

ಕಾಂಪೌಂಡರ್ ಪಾತ್ರೆಯನ್ನು ತಕ್ಕಡಿಗೆ ಏರಿಸಿದರು. ಪಾತ್ರೆಯ ತೂಕ ಕಳೆದರೆ ಏಳುನೂರ ಎಂಬತ್ತರ ಒಳಗೆ ಇರಬೇಕಾದದ್ದು ಸಾವಿರದ ಎಪ್ಪತ್ತಾರು. ಮುನ್ನೂರು ನೀರು ಹೆಚ್ಚು. ಬಿದ್ದ ನೀರನ್ನು ಹಿಟ್ಟಿನಿಂದ ವಾಪಸ್ಸು ಹಿಂಡಲಾಗುವುದಿಲ್ಲ, ನೀರಿಗೆ ತಕ್ಕ ಹಿಟ್ಟು ಹಾಕಬೇಕು. ಇನ್ನೊಂದು ನಾನೂರ ಎಂಬತ್ತು ಸುರಿದರು. ಇಬ್ಬರೂ ಸೇರಿ ನಾದಿದರು. ಅಂಥ ದೊಡ್ಡ ಮುದ್ದೆಯನ್ನು ಒಬ್ಬರ ಕೈ ತಡೆಯುವುದಿಲ್ಲ. ನಲವತ್ತಾರು ವರ್ಷದ ಸಂಸಾರದಲ್ಲಿ ಅವರು ಹಿಟ್ಟಿಗೆ ಕೈ ಹಾಕಿದ್ದು ಅದೇ ಮೊದಲು. ಹೆಂಡತಿ ನಕ್ಕು, "ಬೆರಳಲ್ಲಿ ಚುಚ್ಚಬೇಡ್ರಿ, ಅಂಗೈ ಊರಿ," ಎಂದಳು. ಆ ಹತ್ತು ನಿಮಿಷ ಆಕೆ ಪೂರ್ತಿ ಆಕೆಯೇ ಆಗಿದ್ದಳು.

ಸೊಸೆ ಬಂದು ಎಣಿಸಿದರೆ ಮೂವತ್ತೆರಡು ಉಂಡೆ.

"ನಾನೇ ತಪ್ಪು ತೂಗಿಬಿಟ್ಟೆ ಕಣಮ್ಮ," ಎಂದರು ಕಾಂಪೌಂಡರ್. ಜನ್ಮದಲ್ಲಿ ಒಂದು ಗುಂಜಿ ತಪ್ಪು ತೂಗದ ಮನುಷ್ಯ. ಸೊಸೆ ಅವರ ಮುಖ ನೋಡಿದಳು, ಒದ್ದೆಯಾದ ನಲ್ಲಿಯನ್ನು ನೋಡಿದಳು. "ಬೆಳಿಗ್ಗೆ ಮಕ್ಕಳ ಊಟದ ಡಬ್ಬಿಗೂ ಆಯ್ತು ಬಿಡಿ ಮಾವ," ಎಂದು ಲಟ್ಟಣಿಗೆ ತೆಗೆದುಕೊಂಡಳು.

ಆಮೇಲೆ ಅವರು ಖಾಲಿಯಾದ ಚೊಂಬನ್ನು ಆಕೆಯ ಕೈಗೆಟಕುವಲ್ಲಿ ಬಿಡಲಿಲ್ಲ. ಆಕೆ ಕಲಸುವಾಗ ಎದ್ದು ಹೋಗಲಿಲ್ಲ. ನೀರಿನ ಬಗ್ಗೆ ಅಷ್ಟೊಂದು ಎಚ್ಚರವಾಗಿದ್ದರು. ಹೆದರಬೇಕಾದದ್ದು ನೀರಿಗಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅದಾಗಿ ಮೂರು ತಿಂಗಳಿಗೆ, ಒಂದು ಸಂಜೆ ಸೊಸೆ ಬೇಗ ಬಂದು ಒಲೆಯ ಬಳಿ ಪಲ್ಯಕ್ಕೆ ಹೆಚ್ಚುತ್ತಿದ್ದಳು. ಮಕ್ಕಳು ಆಟಕ್ಕೆ ಹೋಗಿದ್ದರು. ಕಾಂಪೌಂಡರ್ ಎಂದಿನಂತೆ ತಕ್ಕಡಿಯ ಮುಂದೆ ನಿಂತಿದ್ದರು. ಹೆಂಡತಿ ಬಾಗಿಲಲ್ಲಿ ಒಂದು ಕ್ಷಣ ತಡೆದು, ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

"ಬನ್ನಿ ಅಣ್ಣಾ," ಎಂದಳು. "ತೂಕ ಸರಿಯಾಗಿ ಹಾಕಿ. ನಮ್ಮದು ಆರು ಜನ."

ಸೊಸೆಯ ಚಾಕು ನಿಂತಿತು. ಅತ್ತೆ ಅಲ್ಲಿಯವರೆಗೆ ಮಾವನನ್ನು 'ರೀ' ಅಂದದ್ದು ಬಿಟ್ಟರೆ ಬೇರೆ ಏನೂ ಕರೆದದ್ದನ್ನು ಆಕೆ ಕೇಳಿರಲಿಲ್ಲ. "ಅತ್ತೆ, ಇವರು..." ಎಂದು ಬಾಯಿ ತೆರೆದಳು. ಕಾಂಪೌಂಡರ್ ಬೇಡವೆಂದು ಕೈಸನ್ನೆ ಮಾಡಿದರು. ಕಲಸುವ ಕೈಗೆ ಈಗ ಹೆದರಿಕೆ ಹುಟ್ಟಿಸಿದರೆ ಅದೂ ಹೋದೀತು ಎಂಬುದೊಂದೇ ಅವರ ತಲೆಯಲ್ಲಿತ್ತು.

"ಯಾರ್ಯಾರಿಗೆ ಎಷ್ಟೆಷ್ಟಮ್ಮ?" ಎಂದು ಕೇಳಿದರು. ದನಿ ತಮ್ಮದಲ್ಲ ಅನಿಸಿತು.

ಆಕೆ ಬೆರಳು ಮಡಚಿದಳು. ಮಗ, ಸೊಸೆ, ಮಕ್ಕಳು, ತಾನು. "ನಮ್ಮ ಮನೆಯವರಿಗೆ ಮೂರು. ಔಷಧದಂಗಡೀಲಿ ನಿಂತೇ ಕೆಲಸ ಅವರಿಗೆ. ಎಡಗಡೆ ಹಲ್ಲು ನೋವು, ಮೆತ್ತಗೆ ಆಗ್ಬೇಕು. ತೂಕ ತೂಕ ಅಂತ ಪ್ರಾಣ ತಿಂತಾರೆ, ಆದ್ರೆ ಒಳ್ಳೆಯವರು." ಆಮೇಲೆ ಅವರನ್ನು ನೋಡಿ ಮರುಕದಿಂದ ಸೇರಿಸಿದಳು. "ನಿಮಗೂ ಎರಡು ಹಾಕ್ಕೊಳ್ಳಿ. ಮುಖ ಬಾಡಿದೆ ಪಾಪ, ಉಂಡ ಹಾಗೆ ಕಾಣಲ್ಲ."

ಹದಿನಾರಲ್ಲ, ಹದಿನೆಂಟು. ಕಾಂಪೌಂಡರ್ ಐನೂರ ನಲವತ್ತು ಗ್ರಾಂ ತೂಗಿದರು. ತಮಗೆ ತೊಂಬತ್ತು, ಪರಿಚಯವಿಲ್ಲದ ತಮಗೆ ಅರವತ್ತು. ನೀರು ಮುನ್ನೂರ ಮೂವತ್ತೈದು. ತಕ್ಕಡಿಯ ಅಂಕಿ ಮೇಲೆ ಕೆಳಗೆ ಆಡಿತು, ನಿಲ್ಲುವವರೆಗೆ ಕಾದರು. ಆಕೆ ಕಲಸಿದಳು. ಅಷ್ಟು ಚೆನ್ನಾಗಿ ಆಕೆ ವರ್ಷದಿಂದ ಕಲಸಿರಲಿಲ್ಲ. ಪಾತ್ರೆಗೆ ಒಂದು ಚೂರೂ ಅಂಟಲಿಲ್ಲ.

ಸೊಸೆ ಲಟ್ಟಿಸಿ ಬೇಯಿಸಿದಳು, ಕಣ್ಣೊರೆಸಲು ಎರಡು ಸಲ ಒಲೆ ಸಣ್ಣ ಮಾಡಿದಳು. ಮೊದಲ ಎರಡು ಚಪಾತಿ ಉಬ್ಬಿ ಇಳಿದ ಕೂಡಲೇ ಹೆಂಡತಿ ತಾನೇ ತಟ್ಟೆಗೆ ಹಾಕಿ ಕಾಂಪೌಂಡರ ಮುಂದಿಟ್ಟಳು. ಅವರು ತಿಂದರು. ಎರಡನ್ನೂ ತಿಂದರು.

"ಚೆನ್ನಾಗಿದೆಯಾ?"

"ಇಂಥ ಕೈ ಎಲ್ಲೂ ನೋಡಿಲ್ಲಮ್ಮ," ಎಂದರು. "ನಿಮ್ಮ ಕೈಯಲ್ಲೇ ತಕ್ಕಡಿ ಇದೆ."

"ಅಯ್ಯೋ, ನೀವಾದ್ರೂ ಹೇಳಿದ್ರಲ್ಲ. ನಮ್ಮ ಮನೆಯವರು ಒಂದಿನ ಹೇಳಿಲ್ಲ." ಆಕೆ ನಕ್ಕಳು. ಮೂರು ಚಪಾತಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಯಾರೂ ಮುಟ್ಟಬಾರದೆಂದು ಸೊಸೆಗೆ ಹೇಳಿದಳು. "ಹೊತ್ತಾಯ್ತು, ಹೊರಡಿ ಅಣ್ಣಾ. ನಿಮ್ಮನೇಲೂ ಕಾಯ್ತಿರ್ತಾರೆ."

ಕಾಂಪೌಂಡರ್ ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬೀದಿಯ ತುದಿಯವರೆಗೆ ನಡೆದರು. ಅಂಗಡಿಯಿಂದ ಬರುವವರ ಹಾಗೆ ಅಂಗಿಯ ತೋಳು ಇಳಿಸಿ, ಕೂದಲು ನೀವಿಕೊಂಡು ತಿರುಗಿ ಬಂದರು. ಅಷ್ಟು ವರ್ಷ ಬಡಿದ ಹಾಗೆಯೇ ಎರಡು ಸಲ ಬಾಗಿಲು ಬಡಿದರು. ಆಕೆಯೇ ಓಡಿಬಂದು ತೆರೆದಳು. ಅವರ ಮುಖ ನೋಡಿ, ಅವರ ಭುಜದಾಚೆ ಖಾಲಿ ಬೀದಿಯನ್ನು ನೋಡಿದಳು.

"ಯಾಕೆ ಅಣ್ಣಾ," ಎಂದಳು, "ಏನಾದ್ರೂ ಬಿಟ್ಟು ಹೋದ್ರಾ?"