ಅರ್ಧ ಹಾಳೆಯ ವಾರದ ವರದಿ

ಆಗ ನನಗೆ ನಲವತ್ತೆರಡು. ಈಗ ಲೆಕ್ಕ ಹಾಕಿದರೆ ನಲವತ್ತು ವರ್ಷಕ್ಕೂ ಹಿಂದಿನ ಮಾತು. ಗಂಡ ಸತ್ತಿದ್ದ. ರಾಯಚೂರಿನಲ್ಲಿ ಅವನು ಬಿಟ್ಟುಹೋದ ಗೊಬ್ಬರದ ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಹೆಂಗಸು ಅಂಗಡಿಯಲ್ಲಿ ಕೂತಳು ಎಂದು ಆಡಿಕೊಂಡವರು ಆಡಿಕೊಂಡರು, ಗೊಬ್ಬರ ಬೇಕಾದಾಗ ನನ್ನ ಹತ್ತಿರವೇ ಬಂದರು.

ಕಾಲುವೆ ನೀರು ಹರಿಯುವ ಕಡೆ ಗೊಬ್ಬರದ ಖರ್ಚು ಜಾಸ್ತಿ. ಅದಕ್ಕೆ ಮಾನ್ವಿಯಲ್ಲಿ ಒಂದು ಗೋದಾಮು ಕಟ್ಟಿಸಲು ಕೈಹಾಕಿದೆ. ನನಗೆ ಅದರಲ್ಲಿ ಬೇಕಾದದ್ದು ಒಂದೇ: ಸೋರದ ಮಾಳಿಗೆ. ರಾಯಚೂರಿನ ಅಂಗಡಿಯ ಸ್ಲ್ಯಾಬನ್ನು ಗಂಡ ಅರ್ಧ ಒಂದು ದಿನ, ಅರ್ಧ ಇನ್ನೊಂದು ದಿನ ಹಾಕಿಸಿದ್ದ. ಹಳೆಯದಕ್ಕೆ ಹೊಸದು ಕೂಡಿಕೊಳ್ಳದೆ ನಡುವೆ ಗೆರೆ ಉಳಿಯಿತು. ಆಮೇಲೆ ಪ್ರತಿ ಮಳೆಗೂ ಅದೇ ಗೆರೆಗುಂಟ ನೀರು. ಯೂರಿಯಾ ಚೀಲಕ್ಕೆ ತೇವ ತಗುಲಿದರೆ ಕಲ್ಲಾಗುತ್ತದೆ. ಅಂಥ ಕಲ್ಲನ್ನು ಸುತ್ತಿಗೆಯಿಂದ ಒಡೆದು ಒಡೆದು ನನ್ನ ರಟ್ಟೆ ಹೋಗಿತ್ತು. ಈ ಸಲದ ಸ್ಲ್ಯಾಬು ಒಂದೇ ದಿನದಲ್ಲಿ, ಒಂದೇ ಸಮನೆ ಬೀಳಬೇಕು ಎಂದು ಗುತ್ತೇದಾರನಿಗೆ ಮೊದಲೇ ಹೇಳಿದ್ದೆ.

ಅಂಗಡಿ ಬಿಟ್ಟು ದಿನಾ ಮಾನ್ವಿಗೆ ಹೋಗಲು ನನಗೆ ಆಗುತ್ತಿರಲಿಲ್ಲ. ಅಲ್ಲಿದ್ದ ಮೇಸ್ತ್ರಿ ದಿನಕ್ಕೊಂದು ಚೀಟಿ ಬರೆಯುತ್ತಿದ್ದ: ಗೋಡೆ ಕಟ್ಟುವ ಗೌಂಡಿ ಎಷ್ಟು, ಹೆಣ್ಣಾಳು ಎಷ್ಟು, ಸಿಮೆಂಟು ಎಷ್ಟು ಬಂತು, ಎಷ್ಟು ಹೋಯಿತು, ಏನು ಕೆಲಸವಾಯಿತು, ಯಾಕೆ ನಿಂತಿತು. ಸಂಜೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅದು ರಾಯಚೂರಿನ ಗುತ್ತೇದಾರನ ಆಫೀಸಿಗೆ ಬರುತ್ತಿತ್ತು. ಶುಕ್ರವಾರ ಗೌಂಡಿಗಳಿಗೆ ರಜೆ. ಆ ದಿನ ಆಫೀಸಿನ ಗುಮಾಸ್ತ ಆರು ಚೀಟಿಗಳನ್ನೂ ಮುಂದಿಟ್ಟುಕೊಂಡು ವಾರದ ವರದಿ ಮಾಡುತ್ತಿದ್ದ. ಶನಿವಾರ ಬೆಳಿಗ್ಗೆ ನನ್ನ ಅಂಗಡಿಗೆ ತರುತ್ತಿದ್ದ.

ಮೊದಲ ವಾರ ನಾಲ್ಕು ಹಾಳೆ ತಂದಿದ್ದ. ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಾನೆ.

“ತಮ್ಮಾ, ಇದು ವರದಿನೋ ಪುರಾಣನೋ? ಏನಾತು, ಏನ್ ನಿಂತೈತಿ, ನನ್ನಿಂದ ಏನ್ ಬೇಕು. ಮೂರು ಮಾತು. ಅರ್ಧ ಹಾಳಿ. ಅದರ ಮ್ಯಾಲ ಒಂದಕ್ಷರ ಇದ್ರ ಚಾದಂಗಡಿಗೆ ಕೊಟ್ಟುಬಿಡ್ತೀನಿ, ಭಜಿ ಕಟ್ಟಾಕ.”

ಅವನು ನಕ್ಕು, “ಆಯ್ತು ಬಿಡ್ರಿ ಅಮ್ಮಾರ, ನಿಮ್ಮ ಹುಕುಂ” ಅಂದ. ಅವತ್ತಿನಿಂದ ಅರ್ಧ ಹಾಳೆ, ದಪ್ಪ ಅಕ್ಷರ. ಒಳ್ಳೆಯ ಹುಡುಗ. ಸುಳ್ಳು ಬರೆಯುವವನಲ್ಲ.

ಗೋಡೆ ಎದ್ದವು. ಆಷಾಢ ಹತ್ತಿರ ಬಂತು. ಆ ಶನಿವಾರದ ಹಾಳೆ ಇನ್ನೂ ನೆನಪಿದೆ. ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಮುಗಿದಿದೆ. ಕಬ್ಬಿಣ ಕಟ್ಟುವುದು ಮುಗಿದಿದೆ. ಖಡಿಕಲ್ಲು, ಉಸುಕು, ಸಿಮೆಂಟು ಸ್ಥಳದಲ್ಲಿವೆ. ಹೆಣ್ಣಾಳು ದಿನಕ್ಕೆ ಸರಾಸರಿ ಇಪ್ಪತ್ತು. ನಿಂತ ಕೆಲಸ ಯಾವುದೂ ಇಲ್ಲ. ಸೋಮವಾರ ಸ್ಲ್ಯಾಬು, ತಮ್ಮ ಒಪ್ಪಿಗೆ ಬೇಕು.

“ಸ್ಲ್ಯಾಬಿಗೆ ಇಪ್ಪತ್ತು ಮಂದಿ ಸಾಕಾಗ್ತಾರನು?” ಅಂತ ಕೇಳಿದೆ.

“ಮೂವತ್ತು ಬೇಕಾಗ್ತಾರ್ರಿ. ಇಪ್ಪತ್ತು ಅದಾರಲ್ಲ, ಇನ್ನ ಹತ್ತು ಮಂದಿ ಸಿಗ್ತಾರಂತ ನಮ್ಮ ಗುತ್ತೇದಾರ ಸಾಹುಕಾರ್ರು ಅಂದಾರ.”

ಆಗಲಿ ಎಂದೆ. ಅವನು ಮಿಕ್ಸರ್ ಮಷೀನಿಗೆ ಹೇಳಲು ಹೋದ.

ಮಧ್ಯಾಹ್ನ ಮಾನ್ವಿ ಕಡೆಯ ಕುರ್ಡಿಯ ಹೆಂಗಸೊಬ್ಬಳು ಎರಡು ಚೀಲ ಒಯ್ಯಲು ಬಂದಳು. ಅವಳ ಕಾಲಿಗೆ ಮೊಣಕಾಲಿನವರೆಗೆ ಒಣಗಿದ ಕೆಸರು.

“ಕಾಲುವಿಗೆ ನೀರು ಬಿಟ್ಟಾರಬೇ ಯವ್ವಾ. ನೆಲ್ಲು ನಾಟಿ ಹಚ್ಚಾಕತ್ತೀವಿ. ಒಬ್ಬ ಆಳಿಗೆ ನಾಕು ಮಂದಿ ಜಗಳಾಡಾಕತ್ತಾರ. ನಮ್ಮತ್ತಿ ಸೊಂಟ ಹಿಡದು ಮಲಗಿದ್ಲು, ಆಕಿನ್ನೂ ಎಬ್ಬಿಸಿಕೊಂಡು ಹೋದ್ರು!” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಾಟಿಯ ಕೂಲಿ ಬಿಟ್ಟು ಗಾರೆ ಹೊರಲು ಯಾವಳು ಬರುತ್ತಾಳೆ? ಹಾಗಾದರೆ ಆ ಇಪ್ಪತ್ತು ಮಂದಿ ಯಾರು? ಹಾಳೆಯನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು ಮತ್ತೆ ಓದಿದೆ. ಸರಾಸರಿ ಅಂತ ಬರೆದಿತ್ತು. ಆ ಪದಕ್ಕೆ ನಾನು ಬೆಳಿಗ್ಗೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಒಬ್ಬ ಗಿರಾಕಿಗೆ ಒಂದರ ಬದಲು ಇನ್ನೊಂದು ಗೊಬ್ಬರ ಕೊಟ್ಟು ಬೈಸಿಕೊಂಡೆ. ಕೂತಲ್ಲಿ ಕೂರಲಾಗಲಿಲ್ಲ. ಹೊತ್ತಿಗೆ ಮುಂಚೆ ಅಂಗಡಿಗೆ ಬೀಗ ಹಾಕಿ ಆಫೀಸಿಗೆ ನಡೆದೆ.

ಗುಮಾಸ್ತ ಆರು ಚೀಟಿಗಳನ್ನೂ ತೆಗೆದು ಮುಂದಿಟ್ಟ.

“ಒಂದೊಂದು ದಿನದ್ದು ಓದು. ಹೆಣ್ಣಾಳು ಅಷ್ಟ.”

“ಶನಿವಾರ ಮೂವತ್ತು. ರವಿವಾರ ಮೂವತ್ತು. ಸೋಮವಾರ, ಮಂಗಳವಾರನೂ ಮೂವತ್ತು ರೀ.”

“ಬುಧವಾರ?”

ಅವನು ಚೀಟಿ ನೋಡಿದ, ನನ್ನನ್ನು ನೋಡಿದ. “ಇಲ್ಲ ರೀ. ಗುರುವಾರನೂ ಇಲ್ಲ. ನಾಟಿ ಸುರುವಾಗೇದಂತ ಕೆಳಗ ಬರದಾನ.”

“ಅದನ್ನ ಯಾಕ ಬರಿಲಿಲ್ಲ ನೀನು?”

“ಕೆಲಸ ನಿಂತಿಲ್ಲಲ್ರಿ ಅಮ್ಮಾರ! ಆ ಎರಡು ದಿನ ಕಬ್ಬಿಣ ಕಟ್ಟೋದಿತ್ತು. ಅದಕ್ಕ ಹೆಣ್ಣಾಳು ಬೇಕಾಗಿಲ್ಲ. ಖಡಿ ಉಸುಕು ಮೊದಲ ನಾಕು ದಿನದಾಗ ಹೊತ್ತು ಹಾಕಿದ್ರು. ನಿಂತದ್ದು ಬರಿ ಅಂದ್ರಿ, ಏನೂ ನಿಂತಿರಲಿಲ್ಲ. ಅರ್ಧ ಹಾಳಿ ಅಂದ್ರಿ, ಕೂಡಿಸಿ ಆರರಿಂದ ಭಾಗಿಸಿದೆ.”

ಅವನ ಲೆಕ್ಕ ಸರಿ ಇತ್ತು. ಚಿಕ್ಕದು ಬೇಕೆಂದವಳೂ ನಾನೇ.

“ಇವತ್ತಿನ ಚೀಟಿ?”

“ಸಂಜಿ ಬಸ್ಸಿಗೆ ಬರ್ತದ್ರಿ.”

ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸು ತಡ. ಅವನು ಕಲ್ಲಿನ ಮೇಲೆ ಕೂತ. ನಾನು ಆ ತುದಿಯಿಂದ ಈ ತುದಿಗೆ ತಿರುಗಾಡಿದೆ. ಕಡಲೆ ಮಾರುವವನು, “ಅಮ್ಮಾ, ನೆಲಾ ಸವೀತದ, ಕುಂದರ್ರಿ” ಅಂದ. “ನಿನ್ನ ನೆಲ ಏನೋ?” ಎಂದು ಅವನ ಮೇಲೆ ಹಾರಿದೆ. ಬಸ್ಸು ಬಂತು. ಕಂಡಕ್ಟರ್ ಚೀಟಿ ಕೊಟ್ಟ. ಗುಮಾಸ್ತ ಬಸ್ಸಿನ ದೀಪಕ್ಕೆ ಹಿಡಿದು ಓದಿದ: “ಹೆಣ್ಣಾಳು ಇಲ್ಲ.”

ಸ್ಲ್ಯಾಬನ್ನು ಮುಂದಕ್ಕೆ ಹಾಕೋಣವೇ ಎಂದರೆ, ನಾಟಿ ಮುಗಿಯಲು ತಿಂಗಳು ಬೇಕು. ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಕಟ್ಟಿದ ಕಬ್ಬಿಣ ತುಕ್ಕು ತಿನ್ನುತ್ತದೆ. ಸಿಕ್ಕ ನಾಲ್ಕು ಜನರಿಂದ ಹಾಕಿಸಿದರೆ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಗೆರೆ, ಮತ್ತೆ ಸುತ್ತಿಗೆ. ಹೋದರೆ ಕಾಲುವೆ ನೀರು ಇಲ್ಲದ ಕಡೆ ಹೋಗಬೇಕು. ನನ್ನ ತವರು ದೇವದುರ್ಗದ ಆಚೆ, ಜಾಲಹಳ್ಳಿ. ಒಣ ಬೇಸಾಯದ ಊರು. ತೊಗರಿ ಬಿತ್ತಿದ ಮೇಲೆ ಕಳೆ ಬರುವ ತನಕ ಹೆಂಗಸರಿಗೆ ಕೈ ಖಾಲಿ.

ರವಿವಾರ ಮೊದಲ ಬಸ್ಸಿಗೆ ಹೊರಟೆ. ದೇವದುರ್ಗದಲ್ಲಿ ಬಸ್ಸು ಬದಲಿಸುವಾಗ ಚಹಾ ಕುಡಿಯುವ ವ್ಯವಧಾನವೂ ಇರಲಿಲ್ಲ. ಜಾಲಹಳ್ಳಿಯಲ್ಲಿ ಅಣ್ಣನ ಹೆಂಡತಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಏನಬೇ, ದಾರಿ ತಪ್ಪಿ ಬಂದಿಯೇನು? ಪಂಚಮಿಗೆ ಕರದ್ರ ಅಂಗಡಿ ಅಂತಿದ್ದಿ.”

“ಅತ್ತಿಗಿ, ಆಮ್ಯಾಲ ಎಷ್ಟು ಬೇಕಾದ್ರೂ ಬೈ. ನಾಳಿಗೆ ಮೂವತ್ತು ಹೆಣ್ಣಾಳು ಬೇಕು. ಮಾನ್ವಿಗೆ.”

ಅವಳು ಮೊರ ಇಟ್ಟು ಎದ್ದಳು. ಇಬ್ಬರೂ ಓಣಿ ಓಣಿ ತಿರುಗಿದೆವು. ಒಬ್ಬಳು, “ಮಾಳಿಗಿ ಹಾಕಾಕ ತವರು ನೆನಪಾತೇನಕ್ಕಾ?” ಅಂದಳು. ಇನ್ನೊಬ್ಬಳು, “ನೆಲ್ಲಕ್ಕಿ ಅನ್ನ ಹಾಕ್ತಿದ್ರ ಬರ್ತೀನಿ, ರೊಟ್ಟಿ ನನ್ನ ಮನ್ಯಾಗೂ ಅದ” ಅಂದಳು. ಅನ್ನ, ಬ್ಯಾಳಿ ಎರಡೂ ಹಾಕುತ್ತೇನೆ, ನಾಟಿಯ ಕೂಲಿಯೇ ಕೊಡುತ್ತೇನೆ ಎಂದೆ. ಸಂಜೆಯ ಹೊತ್ತಿಗೆ ಇಪ್ಪತ್ತೇಳು ಜನರಾದರು. ಅತ್ತಿಗೆ ಸೆರಗು ಸಿಕ್ಕಿಸಿ, “ಇಪ್ಪತ್ತೆಂಟು ಬರಕೋ” ಅಂದಳು.

ಸೋಮವಾರ ನಸುಕಿನಲ್ಲಿ, ರಾಯಚೂರಿನಿಂದ ಬರಲು ಮೊದಲೇ ಹೇಳಿಟ್ಟಿದ್ದ ಗೊಬ್ಬರದ ಲಾರಿ ಹತ್ತಿದೆವು. ಸಿರವಾರದ ಮೇಲೆ ಹಾದು ಮಾನ್ವಿ. ದಾರಿಯುದ್ದಕ್ಕೂ ಎರಡೂ ಬದಿಗೆ ನೀರು ನಿಂತ ಗದ್ದೆ, ಬಗ್ಗಿದ ಬೆನ್ನು. ನಮ್ಮ ಹೆಂಗಸರು ಬಾಯಿ ಬಿಟ್ಟು ನೋಡಿದರು. “ಇಷ್ಟು ನೀರು ಬರೇ ಕಾಲು ತೊಳಿಯಾಕೇನು ಇವರಿಗೆ?” ಎಂದಳು ಒಬ್ಬಳು.

ಮೇಸ್ತ್ರಿ ನಮ್ಮನ್ನು ಕಂಡು ಪೇಟ ತೆಗೆದು ತಲೆ ಕೆರೆದುಕೊಂಡ. “ಅಮ್ಮಾ, ನಾನು ಎಲ್ಲರಿಗೂ ವಾಪಸ್ ಹೋಗ್ರಂತ ಹೇಳಾಕ ನಿಂತಿದ್ನಿ” ಅಂದ. ಮಿಕ್ಸರ್ ಶುರುವಾಯಿತು. ನಮ್ಮವರಿಗೆ ಬಿದಿರಿನ ಇಳಿಜಾರಿನ ಮೇಲೆ ಪುಟ್ಟಿ ಹೊತ್ತು ಹತ್ತುವ ರೂಢಿ ಇರಲಿಲ್ಲ. ಮೊದಲ ತಾಸು ಅರ್ಧ ಮಾಲು ನೆಲಕ್ಕೇ ಬಿತ್ತು. ಆಮೇಲೆ ಸಾಲು ಮಾಡಿ ಕೈಯಿಂದ ಕೈಗೆ ದಾಟಿಸಿದರು. ಕೆಲಸ ಓಡಿತು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮೇಸ್ತ್ರಿ ಕೂಗಾಡಿದ: “ಅರ್ಧ ಮಂದಿ ಕುಂದರ್ರಿ, ಅರ್ಧ ಮಂದಿ ಹೊರ್ರಿ! ಹಾಕಿದ್ದು ಬಿಗೀತದ, ಗೆರಿ ಬೀಳ್ತದ!”

“ನಾವೇನು ಎತ್ತೇನೋ? ಎತ್ತಿಗೂ ಮೇವು ಹಾಕ್ತಾರ” ಎಂದು ಅತ್ತಿಗೆಯೇ ತಿರುಗಿಬಿದ್ದಳು.

ನಾನು ಸೀರೆ ಕಚ್ಚೆ ಹಾಕಿ ಒಂದು ಪುಟ್ಟಿ ಎತ್ತಿಕೊಂಡೆ. ಸ್ವಲ್ಪ ಹೊತ್ತು ನಾನೊಬ್ಬಳೇ. ಆಮೇಲೆ ಅತ್ತಿಗೆ ಎಲೆ ಬಿಟ್ಟೆದ್ದಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ ಬೈಯುತ್ತ ನನ್ನ ಹಿಂದೆ ನಿಂತಳು. ಅವಳ ಹಿಂದೆ ಅರ್ಧ ಸಾಲು ಎದ್ದಿತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಮೇಲೆ ನೋಡುವುದು, ಪುಟ್ಟಿ ದಾಟಿಸುವುದು, ಮತ್ತೆ ಮೇಲೆ ನೋಡುವುದು. ಹೊತ್ತು ಮುಳುಗುವ ಮುಂಚೆ ಕೊನೆಯ ಮೂಲೆ ತುಂಬಿತು. ಗೌಂಡಿ ಹಲಗೆ ಎಳೆದು ಮೇಲಿನಿಂದ ಕೈ ಬೀಸಿದ. ಮೋಡ ಸಿರವಾರದ ಕಡೆ ಹೋಯಿತು.

ಹೆಂಗಸರು ಅದೇ ಲಾರಿಯಲ್ಲಿ ಊರಿಗೆ ಹೋದರು. ನಾನು ಅಲ್ಲೇ ಸಿಮೆಂಟಿನ ಚೀಲ ಹಾಸಿಕೊಂಡು ಬಿದ್ದುಕೊಂಡೆ. ನಿದ್ದೆ ಹತ್ತಲಿಲ್ಲ. ಮಳೆ ಬಂದರೆ, ಸೆಂಟ್ರಿಂಗ್ ಕುಸಿದರೆ ಎಂದು ಹೊರಳಾಡಿದ್ದೇ ಆಯಿತು.

ಮರುದಿನ ಬೆಳಿಗ್ಗೆ, ಬಿರುಕು ಬಿಡದೆ ಗಟ್ಟಿಯಾಗಲೆಂದು, ಸ್ಲ್ಯಾಬಿನ ಮೇಲೆ ಕೆಸರಿನ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಬೇಕಿತ್ತು. ಮಾನ್ವಿಯಲ್ಲಿ ಒಬ್ಬ ಹೆಣ್ಣಾಳೂ ಇರಲಿಲ್ಲ. ಕೊಡ ಎತ್ತಿಕೊಂಡು ನಾನೇ ಏಣಿ ಹತ್ತಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕೂತು ಕೂತು ಕೈಯಾಡಿಸಿದೆ. ಗೆರೆ ಸಿಗಲಿಲ್ಲ. ಕೆಳಗೆ ಮೇಸ್ತ್ರಿ ಆ ದಿನದ ಚೀಟಿ ಬರೆಯುತ್ತ, ಹೆಣ್ಣಾಳಿನ ಮುಂದೆ ಏನು ಬರೆಯಲಿ ಎಂದು ಕೇಳಿದ.

“ಒಂದು ಅಂತ ಬರಿ” ಎಂದು ಹೇಳಿ, ಇನ್ನೊಂದು ಕೊಡ ತರಲು ಇಳಿದೆ.